ಕೊರಿಯರ್ ರೈಡರ್‌ನ ದಿನದ ರೂಟ್: ಸ್ಲಾಟ್, ಪೆಟ್ರೋಲ್, ವಿರಾಮ ಮೂರನ್ನೂ ಹೊಂದಿಸುವುದು ಹೇಗೆ?

ಬೆಳಿಗ್ಗೆ ಪಾರ್ಸೆಲ್ ಪಟ್ಟಿ ಕೈಗೆ ಬಂದ ಕೂಡಲೇ ಬಹಳಷ್ಟು ರೈಡರ್‌ಗಳು ಎಲ್ಲ ವಿಳಾಸಗಳನ್ನೂ ಮ್ಯಾಪ್‌ಗೆ ಹಾಕುತ್ತಾರೆ. ಅದು ತೋರಿಸಿದ ಅತಿ ಕಡಿಮೆ ಕಿಲೋಮೀಟರಿನ ದಾರಿ ಹಿಡಿದು ಹೊರಟುಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಊಟ ಆಗಿರುವುದಿಲ್ಲ, ಪೆಟ್ರೋಲ್ ಮುಳ್ಳು ಕೆಳಗೆ ಕೂತಿರುತ್ತದೆ, ಮೂರು ಗಂಟೆಯೊಳಗೆ ಕೊಡಬೇಕಾದ ಪಾರ್ಸೆಲ್ ಊರಿನ ಇನ್ನೊಂದು ತುದಿಯಲ್ಲಿರುತ್ತದೆ. ದಾರಿ ತಪ್ಪಾಗಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ವಿರಾಮವೂ ಇರಲಿಲ್ಲ, ಬಂಕೂ ಇರಲಿಲ್ಲ.

ಇವೆರಡನ್ನೂ ಪಾರ್ಸೆಲ್‌ನಂತೆಯೇ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ವಿರಾಮವೂ ಒಂದು ಸ್ಟಾಪ್, ಬಂಕೂ ಒಂದು ಸ್ಟಾಪ್. ಎರಡಕ್ಕೂ ತಮ್ಮದೇ ಗಡುವು ಇದೆ. ಹೀಗೆ ಬರೆದು ನೋಡಿದರೆ ದಿನದ ಅತಿ ಬಿಗಿಯಾದ ಗಡುವು ಯಾವುದೋ ಗ್ರಾಹಕರದ್ದಲ್ಲ, ನಿಮ್ಮ ವಿರಾಮದ್ದೇ ಎಂದು ಎಷ್ಟೋ ಸಲ ಗೊತ್ತಾಗುತ್ತದೆ. ಒಂದು ದಿನವನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ.

ನಮ್ಮ ಉದಾಹರಣೆಯ ದಿನ

ಕೆಲಸ ಬೆಳಿಗ್ಗೆ 9:00ರಿಂದ ಸಂಜೆ 5:00ರವರೆಗೆ. ಮೊದಲ ಅರ್ಧ ಗಂಟೆ ಪಾರ್ಸೆಲ್ ಸ್ಕ್ಯಾನ್ ಮಾಡಿ ಬ್ಯಾಗಿಗೆ ತುಂಬಲು ಹೋಗುತ್ತದೆ. ಹಾಗಾಗಿ ಹಬ್ ಬಿಡುವುದು 9:30ಕ್ಕೆ. ಒಟ್ಟು 28 ಸ್ಟಾಪ್: ಉತ್ತರದಲ್ಲಿ 9, ಪೂರ್ವದಲ್ಲಿ 8, ದಕ್ಷಿಣದಲ್ಲಿ 6, ಪಶ್ಚಿಮದಲ್ಲಿ 5.

ಸ್ಲಾಟ್ ಇರುವುದು ನಾಲ್ಕಕ್ಕೆ ಮಾತ್ರ. ಉತ್ತರದ ಲ್ಯಾಬ್‌ಗೆ 10:00ರಿಂದ 10:30ರೊಳಗೆ ತಲುಪಬೇಕು. ಪೂರ್ವದ ಆಫೀಸಿನಲ್ಲಿ 12:30ರವರೆಗೆ ಮಾತ್ರ ತೆಗೆದುಕೊಳ್ಳುತ್ತಾರೆ. ದಕ್ಷಿಣದ ಮನೆಯವರು 2:00ರಿಂದ 3:00ರ ನಡುವೆ ಇರುತ್ತಾರೆ. ಪಶ್ಚಿಮದ ಗೋಡೌನ್‌ಗೆ 3:30ರೊಳಗೆ ಹೋಗಬೇಕು.

ವಿರಾಮದ ನಿಯಮ ಕಂಪನಿಯಿಂದ ಕಂಪನಿಗೆ, ದೇಶದಿಂದ ದೇಶಕ್ಕೆ ಬೇರೆ ಇರುತ್ತದೆ. ಇಲ್ಲಿ ಸತತ ನಾಲ್ಕು ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ, ವಿರಾಮ ಅರ್ಧ ಗಂಟೆ ಇರಬೇಕು ಎಂದು ಇಟ್ಟುಕೊಳ್ಳೋಣ. ನಿಮ್ಮ ನಿಯಮ ಬೇರೆ ಇದ್ದರೆ ಅಂಕಿ ಬದಲಾಗುತ್ತದೆ ಅಷ್ಟೇ, ಲೆಕ್ಕ ಹಾಕುವ ರೀತಿ ಇದೇ.

ಮೊದಲ ಹೆಜ್ಜೆ: ಒಂದು ಸ್ಟಾಪ್‌ಗೆ ನಿಜಕ್ಕೂ ಎಷ್ಟು ಹೊತ್ತು?

ಪ್ಲಾನ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮ್ಯಾಪ್ ಹೇಳುವುದು ಗಾಡಿ ಓಡುವ ಸಮಯ. ಗಾಡಿ ನಿಲ್ಲಿಸಿ ಸ್ಟ್ಯಾಂಡ್ ಹಾಕುವುದು, ಬ್ಯಾಗಿನಲ್ಲಿ ಪಾರ್ಸೆಲ್ ಹುಡುಕುವುದು, ಗೇಟಿನಲ್ಲಿ ಹೆಸರು ಬರೆಯುವುದು, ಮಹಡಿ ಮಹಡಿಗೂ ನಿಲ್ಲುವ ಲಿಫ್ಟ್‌ಗೆ ಕಾಯುವುದು, ಒಟಿಪಿ ಬರುವವರೆಗೆ ಬಾಗಿಲಲ್ಲಿ ನಿಲ್ಲುವುದು, ಫೋಟೊ ತೆಗೆಯುವುದು, ಮತ್ತೆ ಕೆಳಗೆ ಬಂದು ಹೆಲ್ಮೆಟ್ ಹಾಕುವುದು, ಇದ್ಯಾವುದೂ ಅದರ ಲೆಕ್ಕದಲ್ಲಿಲ್ಲ. ಇಡೀ ದಿನ ಕೂಡಿಸಿದರೆ ಇದು ಗಾಡಿ ಓಡಿಸಿದ ಸಮಯಕ್ಕೆ ಹತ್ತಿರ ಹತ್ತಿರ ಬರುತ್ತದೆ.

ಅಳೆಯುವುದು ಸುಲಭ. ಡೆಲಿವರಿ ಆ್ಯಪ್‌ನಲ್ಲಿ ಪ್ರತಿ ಪಾರ್ಸೆಲ್ ಕೊಟ್ಟ ಹೊತ್ತು ದಾಖಲಾಗಿರುತ್ತದೆ. ಅಕ್ಕಪಕ್ಕದ ಎರಡು ಸ್ಟಾಪ್‌ಗಳ ನಡುವಿನ ಅಂತರ 10 ನಿಮಿಷ, ಓಡಿಸಲು 4 ನಿಮಿಷ ಸಾಕು ಅಂದರೆ ಉಳಿದ 6 ನಿಮಿಷ ಬಾಗಿಲಿನ ಕೆಲಸಕ್ಕೆ ಹೋಗಿದೆ. ಒಂದು ವಾರದ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದ್ದನ್ನು ಆರಿಸಿಕೊಳ್ಳಿ. ಸರಾಸರಿ ತೆಗೆದರೆ ಯಾರೋ ಇಪ್ಪತ್ತು ನಿಮಿಷ ಕಾಯಿಸಿದ ಒಂದು ಸ್ಟಾಪ್ ಇಡೀ ಲೆಕ್ಕವನ್ನು ಮೇಲಕ್ಕೆ ಎಳೆಯುತ್ತದೆ. ಒಂಟಿ ಮನೆಗಳಿಗೆ ಒಂದು ಅಂಕಿ, ಗೇಟು ಲಿಫ್ಟು ಇರುವ ಕಟ್ಟಡಗಳಿಗೆ ಇನ್ನೊಂದು ಅಂಕಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ನಮ್ಮ ಉದಾಹರಣೆಯಲ್ಲಿ ಲೆಕ್ಕ ಸರಳವಾಗಿರಲಿ ಎಂದು ಪ್ರತಿ ಸ್ಟಾಪ್‌ಗೆ 6 ನಿಮಿಷ, ಒಂದೇ ಏರಿಯಾದೊಳಗೆ ಒಂದು ಸ್ಟಾಪ್‌ನಿಂದ ಇನ್ನೊಂದಕ್ಕೆ 4 ನಿಮಿಷ ಮತ್ತು ಒಂದು ಕಿಲೋಮೀಟರ್ ಇಟ್ಟುಕೊಳ್ಳುತ್ತೇನೆ. ಅಂದರೆ ಏರಿಯಾದೊಳಗೆ ಹತ್ತು ನಿಮಿಷಕ್ಕೊಂದು ಸ್ಟಾಪ್.

ಎರಡನೇ ಹೆಜ್ಜೆ: ಏರಿಯಾಗಳನ್ನು ಸಾಲಿಗೆ ನಿಲ್ಲಿಸುವುದು

28 ವಿಳಾಸಗಳನ್ನು ಒಂದೊಂದಾಗಿ ಜೋಡಿಸಲು ಹೋಗಬೇಡಿ, ತಲೆ ಕೆಡುತ್ತದೆ. ಮೊದಲು ನಾಲ್ಕು ಏರಿಯಾಗಳ ಕ್ರಮ ಗೊತ್ತು ಮಾಡಿ. ಕ್ರಮವನ್ನು ಹೇಳುವುದು ಸ್ಲಾಟ್‌ಗಳೇ. ಲ್ಯಾಬ್ ಬೆಳಿಗ್ಗೆಯೇ ಬೇಕಾದ್ದರಿಂದ ಉತ್ತರ ಮೊದಲು. ಆಫೀಸಿಗೆ 12:30ರ ಗಡುವು ಇರುವುದರಿಂದ ಪೂರ್ವ ಎರಡನೆಯದು. ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಈ ದಿನ ಇದು ಹಬ್ ಸುತ್ತ ಒಂದು ಸುತ್ತು ಆಗುತ್ತದೆ, ಅದೃಷ್ಟ. ಸ್ಲಾಟ್‌ಗಳು ಎದುರುಬದುರು ಬಿದ್ದ ದಿನ ಸ್ವಲ್ಪ ಕಿಲೋಮೀಟರ್ ಜಾಸ್ತಿಯಾದರೂ ಸ್ಲಾಟ್‌ನ ಕ್ರಮವನ್ನೇ ಹಿಡಿಯಬೇಕಾಗುತ್ತದೆ.

ಏರಿಯಾದಿಂದ ಏರಿಯಾಕ್ಕೆ ಹಿಡಿಯುವ ಸಮಯವನ್ನು ಮ್ಯಾಪ್‌ನಿಂದಲೇ ತೆಗೆದುಕೊಳ್ಳಿ. ಆದರೆ ನೀವು ನಿಜವಾಗಿ ಆ ರಸ್ತೆಯಲ್ಲಿರುವ ಹೊತ್ತಿನದ್ದನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಒಂಬತ್ತಕ್ಕೆ ನೋಡಿದ ಸಮಯ ಮಧ್ಯಾಹ್ನ ಮೂರಕ್ಕೆ ಹೊಂದುವುದಿಲ್ಲ. ನಮ್ಮ ದಿನಕ್ಕೆ: ಹಬ್‌ನಿಂದ ಉತ್ತರಕ್ಕೆ 15 ನಿಮಿಷ, 6 ಕಿ.ಮೀ. ಉತ್ತರದಿಂದ ಪೂರ್ವಕ್ಕೆ 20 ನಿಮಿಷ, 8 ಕಿ.ಮೀ. ಪೂರ್ವದಿಂದ ದಕ್ಷಿಣಕ್ಕೆ 22 ನಿಮಿಷ, 9 ಕಿ.ಮೀ. ದಕ್ಷಿಣದಿಂದ ಪಶ್ಚಿಮಕ್ಕೆ 20 ನಿಮಿಷ, 8 ಕಿ.ಮೀ. ವಾಪಸ್ ಹಬ್‌ಗೆ 15 ನಿಮಿಷ, 6 ಕಿ.ಮೀ.

ಏರಿಯಾದೊಳಗೆ ಸ್ಲಾಟ್ ಇರುವ ಸ್ಟಾಪ್ ಎಲ್ಲಿ ಬರಬೇಕು? ಸ್ಲಾಟ್ ತೆರೆಯುವ ಹೊತ್ತಿಗೆ ಸರಿಯಾಗಿ ಹೋದರೆ ಕಾಯಬೇಕಾಗಬಹುದು. ಕೊನೆಗೆ ಹೋದರೆ ಸ್ವಲ್ಪ ತಡವಾದರೂ ಕೈತಪ್ಪುತ್ತದೆ. ಸ್ಲಾಟ್ ಶುರುವಾಗಿ ಐದು ಹತ್ತು ನಿಮಿಷ ಕಳೆದ ಮೇಲೆ ತಲುಪುವ ಹಾಗೆ ಇಡಿ. ಉತ್ತರಕ್ಕೆ ನಾವು ತಲುಪುವುದು 9:45ಕ್ಕೆ. ಮೊದಲ ಸ್ಟಾಪ್ 9:45, ಎರಡನೆಯದು 9:55, ಮೂರನೆಯದು 10:05. ಲ್ಯಾಬ್ ಮೂರನೆಯ ಸ್ಟಾಪ್ ಆಗಲಿ.

ಮೂರನೇ ಹೆಜ್ಜೆ: ಮುಂದಕ್ಕೆ ಎಣಿಸುವುದು

ಈಗ ಹಬ್‌ನಿಂದ ಶುರುಮಾಡಿ ಗಡಿಯಾರವನ್ನು ಮುಂದಕ್ಕೆ ಓಡಿಸಿ.

ಉತ್ತರದ 9 ಸ್ಟಾಪ್‌ಗೆ 86 ನಿಮಿಷ (54 ನಿಮಿಷ ಬಾಗಿಲಲ್ಲಿ, 32 ನಿಮಿಷ ನಡುವಿನ ಓಡಾಟ). 9:45ಕ್ಕೆ ಬಂದವರು 11:11ಕ್ಕೆ ಹೊರಡುತ್ತೀರಿ. ಪೂರ್ವ ತಲುಪುವುದು 11:31. ಅಲ್ಲಿನ 8 ಸ್ಟಾಪ್‌ಗೆ 76 ನಿಮಿಷ, ಮುಗಿಯುವುದು 12:47. ಆಫೀಸಿನ ಪಾರ್ಸೆಲ್ ಮೊದಲ ಮೂರರಲ್ಲಿದ್ದರೆ 12:30ರ ಗಡುವಿನ ಯೋಚನೆಯೇ ಬೇಡ.

12:47ಕ್ಕೆ ವಿರಾಮ, 1:17ರವರೆಗೆ. ಆಮೇಲೆ ದಕ್ಷಿಣದ ದಾರಿಯಲ್ಲಿ ಬಂಕ್‌ಗೆ 10 ನಿಮಿಷ. ಬಂಕ್ ಇಲ್ಲೇ ಯಾಕೆ ಎಂದು ಮುಂದೆ ಹೇಳುತ್ತೇನೆ. ದಕ್ಷಿಣ ತಲುಪುವುದು 1:49. ಅಲ್ಲಿ 2:00–3:00ರ ಸ್ಲಾಟ್ ಇರುವ ಮನೆಯನ್ನು ಮೂರನೆಯದಾಗಿ ಇಟ್ಟರೆ 2:09ಕ್ಕೆ ಸಿಗುತ್ತದೆ. 6 ಸ್ಟಾಪ್‌ಗೆ 56 ನಿಮಿಷ, ಹೊರಡುವುದು 2:45. ಪಶ್ಚಿಮಕ್ಕೆ 3:05. ಗೋಡೌನ್ ಮೊದಲ ಸ್ಟಾಪ್. 5 ಸ್ಟಾಪ್‌ಗೆ 46 ನಿಮಿಷ, 3:51. ಹಬ್‌ಗೆ 4:06. ಉಳಿದ ಪಾರ್ಸೆಲ್ ಮತ್ತು ನಗದು ಲೆಕ್ಕ ಒಪ್ಪಿಸಲು 20 ನಿಮಿಷ ಹಿಡಿದರೆ 4:26.

ಕಾಗದದ ಮೇಲೆ 34 ನಿಮಿಷ ಉಳಿಯಿತು. ಆರಾಮದ ದಿನ ಅನಿಸುತ್ತದೆ ಅಲ್ವಾ? ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ 34 ನಿಮಿಷ ದಿನದ ಕೊನೆಯಲ್ಲಿದೆ. ಬೆಳಿಗ್ಗೆ ಹನ್ನೊಂದಕ್ಕೆ ತಡವಾದರೆ ಅದರಲ್ಲಿ ಎಷ್ಟು ಕೈಗೆ ಸಿಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಹಿಂದಕ್ಕೆ ಎಣಿಸಬೇಕು.

ನಾಲ್ಕನೇ ಹೆಜ್ಜೆ: ಹಿಂದಕ್ಕೆ ಎಣಿಸುವುದು

ಕೊನೆಯ ಗಡುವಿನಿಂದ ಶುರುಮಾಡಿ. ಗೋಡೌನ್‌ಗೆ ತಡವೆಂದರೆ 3:30ಕ್ಕೆ ತಲುಪಬೇಕು. ದಾರಿಗೆ 20 ನಿಮಿಷ ಕಳೆದರೆ ದಕ್ಷಿಣವನ್ನು 3:10ಕ್ಕಾದರೂ ಬಿಡಬೇಕು. ಅಲ್ಲಿನ ಕೆಲಸ 56 ನಿಮಿಷ, ಹಾಗಾದರೆ ದಕ್ಷಿಣಕ್ಕೆ 2:14ರೊಳಗೆ ಬರಬೇಕು. ದಾರಿ 22 ನಿಮಿಷ, ಬಂಕ್ 10 ನಿಮಿಷ ಕಳೆಯಿರಿ. ಪೂರ್ವ ಏರಿಯಾವನ್ನು 1:42ರೊಳಗೆ ಬಿಡಬೇಕು. ವಿರಾಮದ ಅರ್ಧ ಗಂಟೆ ಕಳೆದರೆ 1:12.

ಅಂದರೆ ವಿರಾಮವನ್ನು 1:12ಕ್ಕೆ ಶುರುಮಾಡಿದರೂ ನಾಲ್ಕೂ ಗ್ರಾಹಕರಿಗೆ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಆದರೆ ನೀವು ಕೆಲಸ ಶುರುಮಾಡಿದ್ದು 9:00ಕ್ಕೆ. ನಾಲ್ಕು ಗಂಟೆ ಮುಗಿಯುವುದು 1:00ಕ್ಕೆ. ಹಾಗಾಗಿ 1:12 ನಡೆಯುವುದಿಲ್ಲ, 1:00ಕ್ಕೆ ಗಾಡಿ ನಿಲ್ಲಲೇಬೇಕು. ಹಬ್‌ನಲ್ಲಿ ಪಾರ್ಸೆಲ್ ತುಂಬಿದ ಅರ್ಧ ಗಂಟೆಯೂ ಕೆಲಸವೇ. ಅದನ್ನು ಬಿಟ್ಟು 9:30ರಿಂದ ಎಣಿಸುವುದು ಎಲ್ಲರೂ ಮಾಡುವ ಚಾಲಾಕಿ.

ಇನ್ನೂ ಹಿಂದಕ್ಕೆ ಹೋಗೋಣ. ಪೂರ್ವದ ಕೆಲಸ 1:00ಕ್ಕೆ ಮುಗಿಯಬೇಕಾದರೆ ಅಲ್ಲಿಗೆ 11:44ಕ್ಕೆ ಬರಬೇಕು. ಉತ್ತರ ಬಿಡುವುದು 11:24. ಉತ್ತರ ತಲುಪುವುದು 9:58. ಆಗ ಲ್ಯಾಬ್ 10:18ಕ್ಕೆ ಸಿಗುತ್ತದೆ, ತೊಂದರೆ ಇಲ್ಲ. ಹಬ್ ಬಿಡಲು ಕಡೇ ಹೊತ್ತು 9:43.

ಪ್ಲಾನ್ ಪ್ರಕಾರ ಹೊರಡುವುದು 9:30, ಕಡೇ ಹೊತ್ತು 9:43. ಬೆಳಿಗ್ಗೆ ಕೈಯಲ್ಲಿರುವುದು 34 ನಿಮಿಷವಲ್ಲ, ಬರೀ 13. ವಿರಾಮ ಮುಗಿದ ಮೇಲೆ ಅದು 25ಕ್ಕೆ ಏರುತ್ತದೆ (1:17ರಿಂದ 1:42). ಗೋಡೌನ್ ಮುಗಿದ ಮೇಲೆ ಮಾತ್ರ 34. ದಿನವನ್ನು ಹಿಡಿದಿಟ್ಟಿರುವುದು ಲ್ಯಾಬೂ ಅಲ್ಲ, ಆಫೀಸೂ ಅಲ್ಲ. ಮಧ್ಯಾಹ್ನ ಒಂದು ಗಂಟೆಯ ವಿರಾಮ. ಬೆಳಿಗ್ಗೆ ಹಬ್‌ನಲ್ಲಿ ಪಾರ್ಸೆಲ್ ಕೊಡಲು ಕಾಲು ಗಂಟೆ ತಡಮಾಡಿದರೆ ಆ 13 ನಿಮಿಷ ಅಲ್ಲೇ ಖಾಲಿ.

ವಿರಾಮವನ್ನು ಬೇಗ ಮುಗಿಸಿಬಿಟ್ಟರೆ ಆಗಲ್ವಾ ಅನ್ನಬಹುದು. ಉತ್ತರ ಮುಗಿಸಿ 11:11ಕ್ಕೆ ವಿರಾಮ ತೆಗೆದುಕೊಂಡರೆ ಅದು 11:41ಕ್ಕೆ ಮುಗಿಯುತ್ತದೆ. ಅಲ್ಲಿಂದ ನಾಲ್ಕು ಗಂಟೆ ಅಂದರೆ 3:41. ಆಗ ನೀವು ಪಶ್ಚಿಮದಲ್ಲಿ ನಾಲ್ಕನೇ ಮನೆಯ ಹತ್ತಿರ ಇರುತ್ತೀರಿ, ಇನ್ನೊಂದು ವಿರಾಮ ಬೇಕಾಗುತ್ತದೆ. ಒಂದೇ ವಿರಾಮದಲ್ಲಿ ದಿನ ಮುಗಿಯಬೇಕು, ಸಂಜೆ 5:00ರವರೆಗೂ ಅದು ಸಾಕಾಗಬೇಕು ಅಂದರೆ ವಿರಾಮ 1:00ಕ್ಕಿಂತ ಮೊದಲು ಮುಗಿಯಬಾರದು. ಹಾಗಾಗಿ ವಿರಾಮಕ್ಕೂ ಒಂದು ಸ್ಲಾಟ್ ಹುಟ್ಟಿತು: ಶುರುಮಾಡಬೇಕಾದ್ದು 12:30ರಿಂದ 1:00ರ ನಡುವೆ. ಪಟ್ಟಿಯಲ್ಲಿ ಇದನ್ನೂ ಬರೆಯಿರಿ.

ಜಾಗವನ್ನೂ ಬರೆಯಿರಿ. ಪೂರ್ವದ ಕೊನೆಯ ಸ್ಟಾಪ್‌ನಿಂದ ಎರಡು ನಿಮಿಷದೊಳಗೆ ನೆರಳು, ನೀರು, ಶೌಚಾಲಯ ಇರುವ ಕಡೆ. ಜಾಗ ಹುಡುಕುತ್ತಾ ಸುತ್ತಿದರೆ ವಿರಾಮದ ಹತ್ತು ನಿಮಿಷ ಹೋಗಿಬಿಡುತ್ತದೆ. ಗ್ರಾಹಕರಿಗಾಗಿ ಕೆಳಗೆ ಕಾದದ್ದು ವಿರಾಮವಲ್ಲ, ಬಂಕಿನ ಸಾಲಿನಲ್ಲಿ ನಿಂತದ್ದೂ ವಿರಾಮವಲ್ಲ. ಗಾಡಿಯಿಂದ ಇಳಿದು, ಮುಂದಿನ ಗ್ರಾಹಕರ ಫೋನ್ ಬಂದರೂ ಎತ್ತಬೇಕಿಲ್ಲದ ಅರ್ಧ ಗಂಟೆ ಅದು.

ಐದನೇ ಹೆಜ್ಜೆ: ಪೆಟ್ರೋಲ್ ಎಲ್ಲಿ ಹಾಕಿಸುವುದು

ನಿಜ ಹೇಳಬೇಕೆಂದರೆ ಒಳ್ಳೆಯ ಉತ್ತರ ಹಿಂದಿನ ಸಂಜೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿದರೆ ಮರುದಿನದ ಪ್ಲಾನ್‌ನಿಂದ ಒಂದು ಸ್ಟಾಪ್ ಕಡಿಮೆಯಾಗುತ್ತದೆ. ಆದರೆ ಗಾಡಿ ಎರಡು ಪಾಳಿಯಲ್ಲಿ ಓಡುತ್ತಿದ್ದರೆ, ಅಥವಾ ದಿನಕ್ಕಿಷ್ಟೇ ಇಂಧನ ಎಂಬ ಮಿತಿ ಇದ್ದರೆ ಅದು ಆಗುವುದಿಲ್ಲ. ಬೆಳಿಗ್ಗೆ ಅರ್ಧಂಬರ್ಧ ಟ್ಯಾಂಕ್ ಸಿಕ್ಕಾಗ ಏನು ಮಾಡಬೇಕು ನೋಡೋಣ.

ಮೊದಲು ನಿಮ್ಮ ಮೈಲೇಜ್ ಗೊತ್ತಿರಬೇಕು. ಕಂಪನಿ ಹೇಳಿದ್ದಲ್ಲ, ನಿಮ್ಮ ಬ್ಯಾಗ್ ಹೊತ್ತು, ಪದೇ ಪದೇ ನಿಂತು ಹೊರಡುವ ನಿಮ್ಮ ಗಾಡಿಯದ್ದು. ಬಂಕಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕೆಲವು ದಿನ ಕೆಲಸ ಮಾಡಿ ಮತ್ತೆ ಅದೇ ಬಂಕಿನಲ್ಲಿ ಕಟ್ ಆಗುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ನಮ್ಮ ಗಾಡಿ ಲೀಟರಿಗೆ 40 ಕಿ.ಮೀ. ಕೊಡುತ್ತದೆ, ಟ್ಯಾಂಕ್ 10 ಲೀಟರಿನದು ಎಂದುಕೊಳ್ಳೋಣ.

ಬೆಳಿಗ್ಗೆ ಟ್ರಿಪ್ ಮೀಟರ್ 352 ತೋರಿಸುತ್ತಿದೆ. 352ನ್ನು 40ರಿಂದ ಭಾಗಿಸಿದರೆ 8.8 ಲೀಟರ್ ಖರ್ಚಾಗಿದೆ, ರಿಸರ್ವ್ ಸೇರಿ 1.2 ಲೀಟರ್ ಉಳಿದಿದೆ. ಅದರಲ್ಲಿ 48 ಕಿ.ಮೀ. ಹೋಗಬಹುದು. ಐದರಲ್ಲೊಂದು ಪಾಲನ್ನು ಲೆಕ್ಕಕ್ಕೆ ಸೇರಿಸಬೇಡಿ. ಟ್ರಾಫಿಕ್ಕಿನಲ್ಲಿ ಎಂಜಿನ್ ಸುಮ್ನೆ ಉರಿದ ಪೆಟ್ರೋಲ್, ತಪ್ಪಿದ ತಿರುವು, ಮುಚ್ಚಿದ ಬಂಕ್ ಎಲ್ಲಕ್ಕೂ ಅದು ಬೇಕು. ಉಳಿದದ್ದು 38 ಕಿ.ಮೀ. ಅಂದರೆ ಟ್ರಿಪ್ ಮೀಟರ್ 390 ತೋರಿಸುವ ಮೊದಲು ಬಂಕಿನಲ್ಲಿರಬೇಕು. ದಿನದ ಒಟ್ಟು ದಾರಿ 61 ಕಿ.ಮೀ., ಹಾಗಾಗಿ ಹಾಕಿಸದೆ ಮುಗಿಯುವುದಿಲ್ಲ. ಮುಳ್ಳನ್ನು ನಂಬಿ ಕೂರಬೇಡಿ. ಟ್ಯಾಂಕಿನ ಆಕಾರ ಓರೆಕೋರೆ ಇರುವುದರಿಂದ ಅದು ಒಂದೇ ಸಮ ಇಳಿಯುವುದಿಲ್ಲ, ಸೈಡ್ ಸ್ಟ್ಯಾಂಡಿನಲ್ಲಿ ವಾಲಿದಾಗ ಇನ್ನೂ ಬೇರೆಯೇ ತೋರಿಸುತ್ತದೆ. ಇಂಜೆಕ್ಷನ್ ಗಾಡಿಗಳಲ್ಲಿ ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದು ಪೆಟ್ರೋಲಿನಿಂದಲೇ, ಆದ್ದರಿಂದ ಪದೇ ಪದೇ ಪೂರ್ತಿ ಖಾಲಿ ಮಾಡುವುದು ಅದಕ್ಕೂ ಒಳ್ಳೆಯದಲ್ಲ.

ಈಗ ಕಿಲೋಮೀಟರನ್ನು ದಾರಿಯ ಮೇಲೆ ಇಟ್ಟು ನೋಡಿ. ಉತ್ತರ ಮುಗಿದಾಗ 14, ಪೂರ್ವ ಮುಗಿದಾಗ 29, ದಕ್ಷಿಣ ತಲುಪಿದಾಗ ಸರಿಯಾಗಿ 38. ದಕ್ಷಿಣಕ್ಕೆ ಕಾಲಿಡುವ ಮೊದಲೇ ಹಾಕಿಸಬೇಕು. ದಾರಿಯಲ್ಲಿ ಎರಡು ಬಂಕ್ ಇವೆ ಎನ್ನೋಣ: ಒಂದು ಉತ್ತರದಿಂದ ಪೂರ್ವಕ್ಕೆ ಹೋಗುವಾಗ, ಇನ್ನೊಂದು ಪೂರ್ವ ಬಿಟ್ಟು ಎರಡು ಕಿಲೋಮೀಟರ್ ಆದ ಮೇಲೆ.

ಸಾಮಾನ್ಯವಾಗಿ ಮನಸ್ಸು ಮೊದಲ ಬಂಕ್ ಕಡೆಗೇ ಹೋಗುತ್ತದೆ, ಬೇಗ ಮುಗಿಸಿಬಿಡೋಣ ಎಂದು. ಆದರೆ ಅದು ಆ 13 ನಿಮಿಷದಿಂದ 10ನ್ನು ತಿನ್ನುತ್ತದೆ. ಬೆಳಗಿನ ಪಾಳಿಗೆ ಉಳಿಯುವುದು 3 ನಿಮಿಷ. ಒಂದು ಲಿಫ್ಟ್ ಕೆಟ್ಟಿದ್ದರೆ ಮುಗಿಯಿತು. ಎರಡನೇ ಬಂಕ್ ವಿರಾಮದ ನಂತರ ಬರುತ್ತದೆ, ಅಲ್ಲಿ ಬಂಕಿನ ಹತ್ತು ನಿಮಿಷ ಕಳೆದೂ 25 ನಿಮಿಷ ಕೈಯಲ್ಲಿದೆ. ಆದ್ದರಿಂದ ಎರಡನೆಯದೇ ಸರಿ. ಅದು ಮುಚ್ಚಿದ್ದರೆ? ಆಗ ಓಡಿರುವುದು 31 ಕಿ.ಮೀ., ಗಡುವಿಗೆ ಇನ್ನೂ 7 ಕಿ.ಮೀ. ಇದೆ. ಅಷ್ಟರೊಳಗಿನ ಇನ್ನೊಂದು ಬಂಕನ್ನು ಬೆಳಿಗ್ಗೆಯೇ ನೋಡಿಟ್ಟುಕೊಂಡಿರಿ. ಅಷ್ಟರೊಳಗೆ ಬೇರೆ ಬಂಕೇ ಇಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಮೊದಲ ಬಂಕಿನಲ್ಲೇ ಹಾಕಿಸಿ, ಉತ್ತರದ ಒಂದು ಪಾರ್ಸೆಲ್ ಕಡಿಮೆ ಮಾಡಿಕೊಳ್ಳುವುದು ವಾಸಿ.

ಎಲೆಕ್ಟ್ರಿಕ್ ಗಾಡಿಯವರಿಗೂ ಇದೇ ಲೆಕ್ಕ. ಬ್ಯಾಟರಿ ಬದಲಿಸುವ ಕೇಂದ್ರ ಇದ್ದರೆ ಅದನ್ನು ಬಂಕಿನಂತೆ ನೋಡಿ. ಚಾರ್ಜ್ ಮಾಡಬೇಕಿದ್ದರೆ ಮಾತ್ರ ವಿರಾಮದ ಜಾಗವನ್ನೇ ಚಾರ್ಜರ್ ಹತ್ತಿರಕ್ಕೆ ತರಬೇಕು. ಗಾಡಿ ತಾನಾಗಿ ಚಾರ್ಜ್ ಆಗುವಾಗ ನೀವು ಆರಾಮಾಗಿ ಕೂರಬಹುದು.

ಆರನೇ ಹೆಜ್ಜೆ: ಬ್ಯಾಗ್ ತುಂಬುವುದು ಮತ್ತು ಚೀಟಿ

ಕೊನೆಗೆ ಕೊಡುವ ಏರಿಯಾ ಮೊದಲು ಒಳಗೆ. ಪಶ್ಚಿಮ ತಳಕ್ಕೆ, ಉತ್ತರ ಮೇಲಕ್ಕೆ. ತುಂಬಾ ಭಾರದ್ದು ಯಾವ ಏರಿಯಾದ್ದಾದರೂ ತಳಕ್ಕೇ ಹೋಗಲಿ, ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ಎಳೆಯುತ್ತದೆ. ಪ್ರತಿ ಪಾರ್ಸೆಲ್ ಮೇಲೆ ದಪ್ಪ ಮಾರ್ಕರ್‌ನಲ್ಲಿ ಸ್ಟಾಪ್ ಸಂಖ್ಯೆ ಬರೆಯಿರಿ, ಎರಡು ಬದಿಗೆ. ವಿಳಾಸ ಓದಿ ಹುಡುಕುವುದಕ್ಕೂ ಸಂಖ್ಯೆ ನೋಡಿ ತೆಗೆಯುವುದಕ್ಕೂ ಪ್ರತಿ ಸ್ಟಾಪ್‌ನಲ್ಲಿ ಒಂದು ನಿಮಿಷದ ವ್ಯತ್ಯಾಸ ಇದ್ದರೂ ದಿನಕ್ಕೆ 28 ನಿಮಿಷ ಆಯಿತು.

ಆಮೇಲೆ ಒಂದು ಸಣ್ಣ ಚೀಟಿ, ಹ್ಯಾಂಡಲ್ ಹತ್ತಿರ ಅಂಟಿಸುವಷ್ಟು. ಅದರಲ್ಲಿ ಇಡೀ ವೇಳಾಪಟ್ಟಿ ಬೇಡ. ಕಡೇ ಹೊತ್ತುಗಳಷ್ಟೇ ಸಾಕು:

ಉತ್ತರ ಬಿಡಬೇಕು – 11:24
ವಿರಾಮ ಶುರು – 1:00
ಪೂರ್ವ ಬಿಡಬೇಕು – 1:42
ಬಂಕ್ – ಟ್ರಿಪ್ ಮೀಟರ್ 390
ದಕ್ಷಿಣ ಬಿಡಬೇಕು – 3:10

ಗಡಿಯಾರ ನೋಡುವುದು ಈ ಜಾಗಗಳಲ್ಲಿ ಮಾತ್ರ. ಪ್ರತಿ ಮನೆಯಲ್ಲೂ ಎರಡು ನಿಮಿಷ ತಡ, ಮೂರು ನಿಮಿಷ ತಡ ಎಂದು ಎಣಿಸುತ್ತಿದ್ದರೆ ಕೈ ತಾನಾಗಿ ಆ್ಯಕ್ಸಿಲರೇಟರ್ ತಿರುವುತ್ತದೆ. 4 ನಿಮಿಷದ ಓಟದಲ್ಲಿ ಜೋರಾಗಿ ಹೋದರೆ ಅರ್ಧ ನಿಮಿಷ ಉಳಿಯುವುದೂ ಕಷ್ಟ. ಸಮಯ ಉಳಿಸುವ ಜಾಗ ರಸ್ತೆಯಲ್ಲ, ಬಾಗಿಲು. ಮುಂದಿನ ಸ್ಟಾಪ್‌ನವರಿಗೆ ಹಿಂದಿನ ಸ್ಟಾಪ್‌ನಲ್ಲೇ, ಗಾಡಿ ಹತ್ತುವ ಮೊದಲು ಫೋನ್ ಮಾಡಿ. "ಐದು ನಿಮಿಷದಲ್ಲಿ ಬರ್ತಿದ್ದೀನಿ ಸರ್, ಒಟಿಪಿ ರೆಡಿ ಇಟ್ಕೊಳ್ಳಿ" ಅಂದರೆ ಸಾಕು. ಅವರು ಮನೆಯಲ್ಲಿ ಇಲ್ಲ ಎನ್ನುವುದೂ ಆಗಲೇ ಗೊತ್ತಾಗುತ್ತದೆ, ಆ ಸ್ಟಾಪನ್ನು ಅದೇ ಏರಿಯಾದ ಕೊನೆಗೆ ತಳ್ಳಬಹುದು. ಏರಿಯಾ ಬಿಟ್ಟ ಮೇಲೆ ಒಂದು ಪಾರ್ಸೆಲ್‌ಗೆಂದು ಹಿಂದಕ್ಕೆ ಬರಬೇಡಿ. ಹೋಗಿ ಬರುವ 40 ನಿಮಿಷ ಎಲ್ಲಿಂದಲೂ ಸಿಗುವುದಿಲ್ಲ.

ತಡವಾದಾಗ

ಉತ್ತರ ಬಿಡುವಾಗ 11:31 ಆಗಿದೆ ಎನ್ನಿ. ಪ್ಲಾನ್‌ಗಿಂತ 20 ನಿಮಿಷ ತಡ, ಚೀಟಿಯ 11:24 ದಾಟಿದೆ. ಇದ್ದ ಕ್ರಮದಲ್ಲೇ ಹೋದರೆ ಪೂರ್ವ ಮುಗಿಯುವುದು 1:07ಕ್ಕೆ, ವಿರಾಮದ ಗಡುವು ತಪ್ಪುತ್ತದೆ. ವಿರಾಮ ಬಿಟ್ಟುಬಿಡುವ ಅಗತ್ಯವಿಲ್ಲ, ಅದರ ಜಾಗ ಬದಲಿಸಿದರೆ ಸಾಕು. ಪೂರ್ವ ತಲುಪಿದ್ದು 11:51. ಏಳು ಸ್ಟಾಪ್ ಮುಗಿಯುವುದು 12:57. ಅಲ್ಲೇ ವಿರಾಮ, 1:27ರವರೆಗೆ. ಎಂಟನೆಯದಕ್ಕೆ 1:31ಕ್ಕೆ ಹೋಗಿ 1:37ಕ್ಕೆ ಪೂರ್ವ ಬಿಡಿ. ಚೀಟಿಯಲ್ಲಿರುವುದು 1:42, ಇನ್ನೂ 5 ನಿಮಿಷ ಕೈಯಲ್ಲಿದೆ. ಗೋಡೌನ್ 3:25ಕ್ಕೆ ಸಿಗುತ್ತದೆ. ಒಂದು ಪಾರ್ಸೆಲ್ ಕೂಡ ಬಿಡಲಿಲ್ಲ.

ಇನ್ನೂ ತಡವಾಗಿ ಪೂರ್ವ ಬಿಟ್ಟಿದ್ದು 1:55 ಆದರೆ? ಈಗ ಜಾಗ ಬದಲಿಸಿ ಪ್ರಯೋಜನವಿಲ್ಲ, ಏನಾದರೂ ಬಿಡಲೇಬೇಕು. ದಕ್ಷಿಣ ತಲುಪುವುದು 2:27. ಸ್ಲಾಟ್ ಇರುವ ಮನೆಗೆ ಮೊದಲು ಹೋಗಿ. 3:10ರೊಳಗೆ ನಾಲ್ಕು ಸ್ಟಾಪ್ ಮುಗಿಯುತ್ತವೆ, ನಾಲ್ಕನೆಯದು 3:03ಕ್ಕೆ. ಉಳಿದ ಎರಡನ್ನು ಬಿಟ್ಟು ಪಶ್ಚಿಮಕ್ಕೆ ಹೊರಡಿ, ಗೋಡೌನ್ 3:23ಕ್ಕೆ ಸಿಗುತ್ತದೆ. ಪಶ್ಚಿಮ ಮುಗಿಸಿ ಮತ್ತೆ ದಕ್ಷಿಣಕ್ಕೆ ಹೋಗಿ ಬಂದರೆ 5:00 ದಾಟುವುದು ಖಂಡಿತ. ಹಾಗಾಗಿ ಆ ಇಬ್ಬರಿಗೂ ಹಬ್‌ಗೂ ಬಂಕಿನಲ್ಲಿ ನಿಂತಾಗಲೇ ಹೇಳಿಬಿಡಿ. ಮಧ್ಯಾಹ್ನ ಎರಡಕ್ಕೆ "ನಾಳೆ ತರ್ತೀನಿ" ಅಂದರೆ ಜನ ಒಪ್ಪುತ್ತಾರೆ. ಸಂಜೆ ಐದರವರೆಗೆ ಕಾಯಿಸಿ ಹೇಳಿದರೆ ದೂರು ಬರುತ್ತದೆ.

ಮಳೆಯ ದಿನ

ಮಳೆ ಬಂದಾಗ ಎಲ್ಲರೂ ರಸ್ತೆಯ ಬಗ್ಗೆ ಯೋಚಿಸುತ್ತಾರೆ. ಮಳೆ ಮೊದಲು ಹೊಡೆಯುವುದು ಬಾಗಿಲಿನ ಸಮಯಕ್ಕೆ. ಬ್ಯಾಗಿನ ಕವರ್ ತೆಗೆದು ಹಾಕುವುದು, ಒದ್ದೆ ಬೆರಳಿಗೆ ಮಾತು ಕೇಳದ ಫೋನ್, ರೇನ್‌ಕೋಟಿನ ಜೇಬಿನಿಂದ ಪೆನ್ ತೆಗೆಯುವುದು. ಸ್ಟಾಪ್‌ಗೆ 2 ನಿಮಿಷ ಜಾಸ್ತಿ ಎಂದು ಹಿಡಿಯಿರಿ. ಪಶ್ಚಿಮ ತಲುಪುವ ಮೊದಲು 23 ಸ್ಟಾಪ್ ಇವೆ, ಒಟ್ಟು 46 ನಿಮಿಷ. ಗೋಡೌನ್‌ಗೆ ಕೈಯಲ್ಲಿರುವುದು 25. ಇನ್ನೂ 21 ನಿಮಿಷ ಬೇಕು. ಮಳೆಯಲ್ಲಿ ಒಂದೊಂದು ಸ್ಟಾಪ್‌ಗೆ 12 ನಿಮಿಷ ಆಗುವುದರಿಂದ ಎರಡು ಸ್ಟಾಪ್ ಕಡಿಮೆಯಾದರೆ ಲೆಕ್ಕ ಸರಿಹೋಗುತ್ತದೆ. ಗಾಡಿಯೂ ನಿಧಾನ ಓಡುವುದರಿಂದ ನಾನಾದರೆ ನಾಲ್ಕು ಬಿಡುತ್ತೇನೆ. ಉತ್ತರ, ಪೂರ್ವ, ದಕ್ಷಿಣದಲ್ಲಿ ಸ್ಲಾಟ್ ಇಲ್ಲದವುಗಳಿಂದ. ವಿರಾಮ ಆಗಲೂ 1:00ಕ್ಕೇ, ಪೂರ್ವದ ಮಧ್ಯದಲ್ಲಿ ಎಲ್ಲಿದ್ದರೂ ಸರಿ. ಅದಕ್ಕೆ ಆ ಏರಿಯಾದಲ್ಲಿ ಸೂರಿರುವ ಇನ್ನೊಂದು ಜಾಗ ಗೊತ್ತಿರಬೇಕು.

ಈ ಮಾತನ್ನು ಹಬ್‌ಗೆ ಹೇಳಬೇಕಾದ್ದು 9:30ಕ್ಕೆ ಮೊದಲು, ಪಾರ್ಸೆಲ್ ಬ್ಯಾಗಿಗೆ ಇಳಿಯುವ ಮುಂಚೆ. "ಮಳೆ ಇದೆ, ಆಗಲ್ಲ" ಅಂದರೆ ಯಾರೂ ಕೇಳುವುದಿಲ್ಲ. "ಗೋಡೌನ್ 3:30ಕ್ಕೆ ಸಿಗಬೇಕಾದರೆ 24 ಸ್ಟಾಪ್ ಮಾಡಬಹುದು, ಈ ನಾಲ್ಕು ಬೇರೆಯವರಿಗೆ ಕೊಡಿ" ಎಂದು ಚೀಟಿ ತೋರಿಸಿದರೆ ಕೇಳುವ ಸಾಧ್ಯತೆ ಜಾಸ್ತಿ.

ಸಂಜೆ ಚೀಟಿಯನ್ನು ಎಸೆಯಬೇಡಿ. ಅದರ ಮೇಲೆಯೇ ಪ್ರತಿ ಏರಿಯಾ ಬಿಟ್ಟ ನಿಜವಾದ ಹೊತ್ತು ಬರೆದಿಡಿ. ಒಂದೇ ಏರಿಯಾ ದಿನಾ ದಿನಾ ತಡವಾಗುತ್ತಿದ್ದರೆ ಅಲ್ಲಿಗೆ 6 ನಿಮಿಷದ ಅಂಕಿ ಸಾಲದು, 7 ಅಥವಾ 8 ಮಾಡಿ ಹಿಂದಕ್ಕೆ ಎಣಿಸಿ. ಟ್ರಿಪ್ ಮೀಟರನ್ನೂ ಬರೆಯಿರಿ, ಮರುದಿನ ಬೆಳಿಗ್ಗೆ ಬಂಕಿನ ಲೆಕ್ಕ ಅಲ್ಲಿಂದಲೇ ಶುರು.